ನೆಟ್ಟಗೆ ಕೊರೆದರೆ ನೆಟ್ಟಗಿನ ಸೀಳು ಕಾಣುವುದಿಲ್ಲ

ಮಂಡ್ಯ ಮತ್ತು ಶ್ರೀರಂಗಪಟ್ಟಣದ ನಡುವೆ ಒಂದು ಗುಡ್ಡದಡಿ ಸುರಂಗ ತೆಗೆಯುವ ಪ್ರಸ್ತಾಪ ಬಂದಿತ್ತು. ಮಾದರಿ ಕಲ್ಲು ನೋಡಲು ನನ್ನನ್ನು ಕರೆದಿದ್ದರು. ನೆಲ ಕೊರೆದು ತೆಗೆದ ಉರುಟು ಕಲ್ಲಿನ ಕೋರ್ ತುಂಬಿದ ಬಾಕ್ಸುಗಳನ್ನು ಶೆಡ್ಡಿನೊಳಗೆ ಸಾಲಾಗಿ ಜೋಡಿಸಿಟ್ಟಿದ್ದರು. ಬೂದು ಬಣ್ಣದ ನೈಸ್ ಶಿಲೆ, ಕಬ್ಬಿನ ಜಲ್ಲೆಯಂತೆ ಉದ್ದುದ್ದ ತುಂಡುಗಳು. ಬಂಡೆಯ ಗುಣಮಟ್ಟ ಹೇಳುವ ಆರ್‌ಕ್ಯೂಡಿ ವರದಿಯಲ್ಲಿ ನೂರಕ್ಕೆ 96. ‘ಸರ್, ಇಂಥ ಬಂಡೆಯಲ್ಲಿ ಆಸರೆಯೇ ಬೇಕಾಗುವುದಿಲ್ಲ’ ಎಂದರು ಅಲ್ಲಿನ ಕಿರಿಯ ಎಂಜಿನಿಯರ್. ನನಗೆ ಅನುಮಾನ ಬಂದದ್ದು ಕಲ್ಲಿನ ಮೇಲಲ್ಲ, ಕೊರೆದ ದಿಕ್ಕಿನ ಮೇಲೆ. ಐದು ರಂಧ್ರಗಳೂ ನೆಟ್ಟಗೆ ಕೆಳಮುಖವಾಗಿದ್ದವು.

ಆರ್‌ಕ್ಯೂಡಿ ಎಂಬುದು ಅಮೆರಿಕದ ಭೂವಿಜ್ಞಾನ ಎಂಜಿನಿಯರ್ ಡಾನ್ ಡೀರ್ 1960ರ ದಶಕದಲ್ಲಿ ಬಳಕೆಗೆ ತಂದ ಸರಳ ಅಳತೆ. ಒಂದು ಸಲ ಕೊರೆದು ತೆಗೆದ ಉದ್ದದಲ್ಲಿ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದವಿರುವ ಗಟ್ಟಿ ತುಂಡುಗಳನ್ನು ಮಾತ್ರ ಕೂಡಿಸಿ, ಕೊರೆದ ಒಟ್ಟು ಉದ್ದಕ್ಕೆ ಅದು ಶೇಕಡಾ ಎಷ್ಟು ಎಂದು ನೋಡುವುದು. ಒಂದೂವರೆ ಮೀಟರ್ ಕೊರೆತದಲ್ಲಿ 26, 19, 17, 13 ಮತ್ತು 11 ಸೆಂಟಿಮೀಟರಿನ ತುಂಡುಗಳು ಸಿಕ್ಕಿವೆ, ಉಳಿದದ್ದೆಲ್ಲ ಚೂರು ಎಂದುಕೊಳ್ಳಿ. ಮೊತ್ತ 86. ಅದನ್ನು 150ರಿಂದ ಭಾಗಿಸಿದರೆ ಆರ್‌ಕ್ಯೂಡಿ 57. ಡೀರ್ ಪಟ್ಟಿಯಲ್ಲಿ 50ರಿಂದ 75 ಎಂದರೆ ಸಾಧಾರಣ ಬಂಡೆ.

ಇಷ್ಟು ಸರಳವಾದುದರಲ್ಲೂ ಕೈತಪ್ಪಿಗೆ ಜಾಗವಿದೆ. ಆ 19 ಸೆಂಟಿಮೀಟರಿನ ತುಂಡು ಕೊರೆಯುವ ಕೊಳವೆಯಿಂದ ಹೊರಗೆ ತಟ್ಟುವಾಗ ನಡುವೆ ಮುರಿದಿದ್ದರೆ ಒಂಬತ್ತೂವರೆಯ ಎರಡು ತುಂಡಾಗುತ್ತದೆ. ಎರಡನ್ನೂ ಬಿಟ್ಟರೆ ಮೊತ್ತ 67ಕ್ಕೆ ಇಳಿದು ಆರ್‌ಕ್ಯೂಡಿ 45, ಬಂಡೆ ‘ಕಳಪೆ’. ಸುತ್ತಿಗೆಯ ಒಂದು ಏಟಿಗೆ ಬಂಡೆಯ ದರ್ಜೆಯೇ ಬದಲಾಯಿತು! ಆದ್ದರಿಂದ ಮುರಿದ ಮುಖವನ್ನು ನೋಡಬೇಕು. ಹೊಸ ಮುರಿತ ಸ್ವಚ್ಛವಾಗಿ, ಹರಳುಗಳು ಮಿನುಗುವಂತೆ ಇರುತ್ತದೆ. ಎರಡು ತುಂಡನ್ನು ಸೇರಿಸಿದರೆ ಗೆರೆಯೂ ಕಾಣದಂತೆ ಕೂರುತ್ತವೆ. ಬಂಡೆಯದೇ ಸೀಳಾದರೆ ಅದರ ಮೈಯಲ್ಲಿ ತುಕ್ಕಿನ ಕಲೆ, ಹಸಿರು ಪೊರೆ ಅಥವಾ ಜೇಡಿಯ ತೆಳು ಲೇಪ ಇರುತ್ತದೆ. ಹೊಸ ಮುರಿತವನ್ನು ಕೂಡಿಸಿ ಒಂದೇ ತುಂಡೆಂದು ಅಳೆಯಬೇಕು. ಅನುಮಾನ ತೀರದಿದ್ದರೆ ನಾನು ಅದನ್ನು ಬಂಡೆಯ ಸೀಳೆಂದೇ ಬರೆಯುತ್ತೇನೆ.

ಆದರೆ ಮಂಡ್ಯದ ಆ ಪೆಟ್ಟಿಗೆಗಳಲ್ಲಿ ಅಳತೆ ತಪ್ಪಿರಲಿಲ್ಲ. ನಾನೇ ಟೇಪು ಹಿಡಿದು ಮತ್ತೆ ಅಳೆದೆ, ಅದೇ 96 ಬಂತು. ತೊಂದರೆ ಇದ್ದದ್ದು ಬೇರೆ ಕಡೆ. ಈ ಭಾಗದ ನೈಸ್ ಶಿಲೆಯ ಪಟ್ಟೆಗಳು ಬಹುಪಾಲು ಕಡಿದಾಗಿ ನಿಂತಿರುತ್ತವೆ, ಅವುಗಳ ಗುಂಟ ಸೀಳುಗಳೂ ಹಾಗೆಯೇ ನಿಂತಿರುತ್ತವೆ. ನಿಲ್ಲಿಸಿಟ್ಟ ಪುಸ್ತಕಗಳ ಸಾಲಿಗೆ ಮೇಲಿನಿಂದ ದಬ್ಬಳ ಇಳಿಸಿದರೆ ಅದು ಒಂದೇ ಪುಸ್ತಕದೊಳಗೆ ಇಳಿಯುತ್ತದೆ. ಸುರಂಗವಾದರೋ ಆ ಸಾಲನ್ನು ಅಡ್ಡಡ್ಡ ತೂರಿಕೊಂಡು ಹೋಗುತ್ತದೆ.

ಸ್ವಲ್ಪ ದೂರದಲ್ಲಿ ಕೆಲಸ ನಿಂತ ಹಳೆಯ ಕ್ವಾರಿಯೊಂದಿತ್ತು. ಅದರ ಗೋಡೆ ಸುರಂಗದ ದಿಕ್ಕಿಗೆ ಸರಿಯಾಗಿ, ಪೂರ್ವ-ಪಶ್ಚಿಮವಾಗಿ ಚಾಚಿತ್ತು. ಅದರ ಮೇಲೆ 10 ಮೀಟರ್ ಟೇಪನ್ನು ಅಡ್ಡಲಾಗಿ ಕಟ್ಟಿ, ಟೇಪನ್ನು ದಾಟುವ ಒಂದೊಂದು ಸೀಳನ್ನೂ ಎಣಿಸಿದೆವು. ಸಿಡಿಮದ್ದಿನಿಂದಾದ ಬಿರುಕುಗಳನ್ನು ಬಿಟ್ಟೆವು. ಅವು ಮದ್ದು ತುಂಬಿದ ತೂತಿನ ಸುತ್ತ ಕಿರಣಗಳಂತೆ ಹರಡಿರುತ್ತವೆ, ಕಲೆ ಹಿಡಿದಿರುವುದಿಲ್ಲ. ಉಳಿದವು 123. ಮೀಟರಿಗೆ ಹನ್ನೆರಡಕ್ಕಿಂತ ತುಸು ಹೆಚ್ಚು, ಅಂದರೆ ಸರಾಸರಿ ಎಂಟು ಸೆಂಟಿಮೀಟರಿಗೊಂದು ಸೀಳು. ಎಲ್ಲವೂ ನೆಲಮಟ್ಟದಿಂದ ಸುಮಾರು 80 ಡಿಗ್ರಿ ಕಡಿದಾಗಿ ಪೂರ್ವಕ್ಕೆ ಬಾಗಿದ್ದವು.

ಇದೇ ಸೀಳುಗಳು ನೆಟ್ಟಗಿನ ರಂಧ್ರದಲ್ಲಿ ಎಷ್ಟು ದೂರಕ್ಕೊಂದು ಸಿಗಬೇಕು? ನಿಜವಾದ ಅಂತರವನ್ನು ರಂಧ್ರಕ್ಕೂ ಸೀಳಿನ ಮೈಗೂ ನಡುವಿನ ಕೋನದ ಸೈನ್ ಬೆಲೆಯಿಂದ ಭಾಗಿಸಬೇಕು. ಇಲ್ಲಿ ಕೋನ 10 ಡಿಗ್ರಿ, ಸೈನ್ 0.174. ಎಂಟು ಸೆಂಟಿಮೀಟರ್ ಅಂತರ 46 ಸೆಂಟಿಮೀಟರಾಗಿ ಹಿಗ್ಗಿತು. ನೆಲಕ್ಕೆ ಸಮನಾದ ಪದರ ಸೀಳುಗಳು ಮೀಟರಿಗೊಂದು ಇದ್ದವು. ಎರಡನ್ನೂ ಸೇರಿಸಿದರೂ ರಂಧ್ರದಲ್ಲಿ ಮೀಟರಿಗೆ ಮೂರು ಚಿಲ್ಲರೆ ಸೀಳು ಮಾತ್ರ.

ಮೀಟರಿಗೆ ಎಷ್ಟು ಸೀಳು ಎಂಬುದರಿಂದ ಆರ್‌ಕ್ಯೂಡಿ ಅಂದಾಜು ಮಾಡಲು ಪ್ರೀಸ್ಟ್ ಮತ್ತು ಹಡ್ಸನ್ 1976ರಲ್ಲಿ ಕೊಟ್ಟ ಸೂತ್ರವಿದೆ. λ ಎಂದರೆ ಮೀಟರಿಗೆ ಸಿಗುವ ಸೀಳುಗಳ ಸಂಖ್ಯೆ:

RQD = 100 e^(-0.1λ) (0.1λ + 1)

λ 3.2 ಹಾಕಿದರೆ 96 ಬರುತ್ತದೆ. ಪೆಟ್ಟಿಗೆಯಲ್ಲಿದ್ದದ್ದೂ ಅದೇ. λ 12.3 ಹಾಕಿದರೆ 65. ಬಂಡೆ ಒಂದೇ, ನೋಡಿದ ದಿಕ್ಕು ಎರಡು. ಸುರಂಗ ಎದುರಿಸಬೇಕಾದದ್ದು 65ನ್ನು.

ಈ ಸೂತ್ರಕ್ಕೂ ಮಿತಿಯಿದೆ. ಸೀಳುಗಳು ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿ ಹರಡಿವೆ ಎಂದು ಅದು ಭಾವಿಸುತ್ತದೆ. ಅಳತೆಗೋಲಿಟ್ಟಂತೆ ಎಲ್ಲವೂ ಎಂಟೆಂಟು ಸೆಂಟಿಮೀಟರಿಗೆ ಇದ್ದರೆ ಕೋರಿನಲ್ಲಿ ಆರ್‌ಕ್ಯೂಡಿ ಸೊನ್ನೆ. ಹನ್ನೊಂದಕ್ಕೊಂದು ಇದ್ದರೆ ಪೂರ್ತಿ ನೂರು! ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೆ ಇಷ್ಟು ಜಿಗಿತ. ಇತ್ತ 11 ಸೆಂಟಿಮೀಟರಿನ ತುಂಡಿಗೂ ಎರಡು ಮೀಟರಿನ ತುಂಡಿಗೂ ಆರ್‌ಕ್ಯೂಡಿ ಭೇದವೆಣಿಸುವುದಿಲ್ಲ. ಸೀಳುಗಳ ಅಂತರವನ್ನು ಬೇರೆಯಾಗಿಯೇ ಅಳೆದು ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಬಂಡೆಗೆ ನೂರಕ್ಕೆ ಇಷ್ಟೆಂದು ಅಂಕ ಹಾಕಿ ದರ್ಜೆ ಕಟ್ಟುವ ಬೀನಿಯಾವ್‌ಸ್ಕಿಯ ಆರ್‌ಎಂಆರ್ ಪದ್ಧತಿ ಆರ್‌ಕ್ಯೂಡಿ, ಅಂತರ ಎರಡಕ್ಕೂ ಪ್ರತ್ಯೇಕ ಅಂಕ ಕೊಡುತ್ತದೆ. ಅದರ 1989ರ ಪಟ್ಟಿಯಂತೆ ಲೆಕ್ಕ ಹಾಕಿದೆವು. ಕಲ್ಲಿನ ಬಲಕ್ಕೆ 12, ಸೀಳುಗಳ ಮೈ ತುಂಬಾ ಶಿಥಿಲವಾಗಿದ್ದುದರಿಂದ ಆ ಸ್ಥಿತಿಗೆ 20, ಒದ್ದೆ ಇದ್ದುದರಿಂದ ನೀರಿಗೆ 7. ಈ ಮೂರೂ ಎರಡು ಲೆಕ್ಕಕ್ಕೂ ಸಮಾನ. ನೆಟ್ಟಗಿನ ರಂಧ್ರವನ್ನು ನಂಬಿದರೆ ಆರ್‌ಕ್ಯೂಡಿಗೆ 20, ಅಂತರಕ್ಕೆ 10. ಒಟ್ಟು 69, ‘ಉತ್ತಮ ಬಂಡೆ’. ಕ್ವಾರಿಯ ಗೋಡೆಯನ್ನು ನಂಬಿದರೆ ಆರ್‌ಕ್ಯೂಡಿಗೆ 13, ಅಂತರಕ್ಕೆ 8. ಒಟ್ಟು 60, ‘ಸಾಧಾರಣ ಬಂಡೆ’ಯ ಮೇಲಂಚು. ಪಶ್ಚಿಮದ ಬಾಯಿಂದ ಪೂರ್ವಕ್ಕೆ, ಸೀಳು ಬಾಗಿದ ಕಡೆಗೇ ಕೊರೆದರೆ ಕಡಿತವಿಲ್ಲ. ಪೂರ್ವದ ಬಾಯಿಂದ ಪಶ್ಚಿಮಕ್ಕೆ ಹೊರಟರೆ ಐದಂಕ ಕಳೆಯಬೇಕು, 55.

ಒಂಬತ್ತು ಅಂಕದ ವ್ಯತ್ಯಾಸ ಸಣ್ಣದಲ್ಲ. ಹತ್ತು ಮೀಟರ್ ಅಗಲದ, ಕುದುರೆ ಲಾಳದ ಆಕಾರದ ಸುರಂಗಕ್ಕೆ ಈ ಪದ್ಧತಿ ಸೂಚಿಸುವ ಆಸರೆಯನ್ನು ನೋಡಿ. ಉತ್ತಮ ಬಂಡೆಗೆ ಬೇಕಾದ ಕಡೆ ಮಾತ್ರ ಚಾವಣಿಗೆ ಮೂರು ಮೀಟರಿನ ಬೋಲ್ಟು, ಅಲ್ಲಲ್ಲಿ 50 ಮಿಲಿಮೀಟರ್ ಶಾಟ್‌ಕ್ರೀಟ್, ಅಂದರೆ ರಭಸದಿಂದ ಚಿಮ್ಮಿಸಿ ಮೆತ್ತುವ ಕಾಂಕ್ರೀಟ್ ಸಾಕು. ಸಾಧಾರಣ ಬಂಡೆಗೆ ಚಾವಣಿ, ಗೋಡೆ ಎರಡಕ್ಕೂ ಒಂದೂವರೆಯಿಂದ ಎರಡು ಮೀಟರಿಗೊಂದರಂತೆ ನಾಲ್ಕು ಮೀಟರಿನ ಬೋಲ್ಟು, ಚಾವಣಿಗೆ ಜಾಲರಿ ಮತ್ತು 50ರಿಂದ 100 ಮಿಲಿಮೀಟರ್ ಶಾಟ್‌ಕ್ರೀಟ್ ಬೇಕು. ಒಂದೇ ಏಟಿಗೆ ಪೂರ್ತಿ ಮುಖ ಕೊರೆಯದೆ ಮೊದಲು ಮೇಲರ್ಧ, ಆಮೇಲೆ ಕೆಳಗರ್ಧ ತೆಗೆಯಬೇಕು. ಟೆಂಡರಿನ ಮೊತ್ತವೇ ಬೇರೆಯಾಗುತ್ತದೆ.

ಕ್ವಾರಿ ಗೋಡೆ ಮಳೆ-ಬಿಸಿಲಿಗೆ ಸಡಿಲಗೊಂಡಿದೆ, ಆಳದಲ್ಲಿ ಹಾಗಿರಲಾರದು ಎಂಬ ಆಕ್ಷೇಪ ಸಭೆಯಲ್ಲಿ ಬಂತು. ನ್ಯಾಯವಾದ ಮಾತೇ. ಹಾಗಾಗಿ ಇನ್ನೊಂದು ರಂಧ್ರ ಕೇಳಿದೆ, 45 ಡಿಗ್ರಿ ಓರೆಯಾಗಿ, ಪಶ್ಚಿಮಕ್ಕೆ ಇಳಿಯುವಂತೆ. ಆಗ ಸೀಳಿನ ಮೈಗೂ ರಂಧ್ರಕ್ಕೂ 55 ಡಿಗ್ರಿ ಕೋನ. ಕ್ವಾರಿಯ ಎಣಿಕೆ ಆಳದಲ್ಲೂ ನಿಜವಾದರೆ ಆರ್‌ಕ್ಯೂಡಿ ಸುಮಾರು 70 ಬರಬೇಕು ಎಂದು ಕೊರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಿಸಿದೆ. ಓರೆ ಕೊರೆತವೆಂದರೆ ಡ್ರಿಲ್ಲರ್‌ಗಳಿಗೆ ಬೇಸರ, ರಾಡ್ ಸವೆಯುತ್ತದೆಂದು ಗೊಣಗುತ್ತಾರೆ. ಗೊಣಗುತ್ತಲೇ 40 ಮೀಟರ್ ಕೊರೆದುಕೊಟ್ಟರು.

ವರದಿಯಲ್ಲಿ ಸರಾಸರಿ 68 ಎಂದಿತ್ತು. ಅಂದಾಜು ಕೂಡಿತೆಂದು ಹಿಗ್ಗುವ ಮೊದಲು ಪೆಟ್ಟಿಗೆ ತೆರೆಸಿದೆ. 38 ಮೀಟರ್ ನೈಸ್ 71 ತೋರಿಸಿತ್ತು. ನಡುವಿನ ಎರಡು ಮೀಟರ್ ಮಾತ್ರ ಕಪ್ಪು ಡಾಲರೈಟ್, ಹಿಡಿಗಾತ್ರದ ಚೂರುಗಳು, ಆರ್‌ಕ್ಯೂಡಿ 20. ಹಳೆಯ ಬಂಡೆಯ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾಗಿ, ಉತ್ತರ-ದಕ್ಷಿಣವಾಗಿ ಗೋಡೆಯಂತೆ ನಿಂತ ಒಂದು ಡೈಕ್. ಅಡ್ಡಲಾಗಿ ಅಳೆದರೆ ಅಗಲ ಸುಮಾರು 1.4 ಮೀಟರ್. ಐದು ನೆಟ್ಟಗಿನ ರಂಧ್ರಗಳೂ ಅದರ ಪಕ್ಕದಲ್ಲೇ ಇಳಿದು ಹೋಗಿದ್ದವು. 68 ಎಂಬ ಸರಾಸರಿಯನ್ನು ಹೊಡೆದು ಹಾಕಿಸಿ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿದೆ. ನಕ್ಷೆಯಲ್ಲಿ ಡೈಕ್ ದಾಟುವ ಕಡೆ ಉಕ್ಕಿನ ಕಮಾನುಗಳು ಸೇರಿಕೊಂಡವು.