ಕಂತಿನ ಲೆಕ್ಕ ಮತ್ತು ಬ್ಯಾಂಕಿನ ಸ್ಟೇಟ್‌ಮೆಂಟ್: ಹತ್ತಿಪ್ಪತ್ತು ರೂಪಾಯಿ ಎಲ್ಲಿ ಹೋಯಿತು?

ಒಂದು ಸಾಲವನ್ನೇ ಹಿಡಿದು ನೋಡೋಣ. 1,00,000 ರೂಪಾಯಿ, ವರ್ಷಕ್ಕೆ ಶೇ 12 ಬಡ್ಡಿ, 12 ಕಂತು. ಹಣ ಕೈಗೆ ಬಂದದ್ದು 2025ರ ಜನವರಿ 10ರಂದು, ಮೊದಲ ಕಂತು ಫೆಬ್ರವರಿ 10ಕ್ಕೆ. ಎಕ್ಸೆಲ್‌ನಲ್ಲಿ ನಾವೆಲ್ಲ ಮಾಡುವ ಲೆಕ್ಕ ಇದು:

```
=PMT(12%/12,12,-100000)
```

ಉತ್ತರ 8,884.88. ಬ್ಯಾಂಕ್ 8,885 ಎಂದು ಇಟ್ಟುಕೊಳ್ಳುತ್ತದೆ. ಪ್ರತಿ ತಿಂಗಳ ಬಡ್ಡಿಯನ್ನೂ ಪೂರ್ಣ ರೂಪಾಯಿಗೆ ತರುತ್ತದೆ: 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ರೂಪಾಯಿ, ಕಡಿಮೆ ಇದ್ದರೆ ಪೈಸೆ ಬಿಟ್ಟುಬಿಡುವುದು. ಪ್ರತಿ ಕಂತಿನಲ್ಲಿ ಹೀಗೆ ಹೆಚ್ಚಾಗಿ ಹೋಗುವ 12 ಪೈಸೆ ನಷ್ಟವಲ್ಲ, ಅದು ಅಸಲಿಗೆ ಜಮಾ ಆಗುತ್ತದೆ. ವರ್ಷವಿಡೀ ಸೇರಿದ ಈ ಚಿಲ್ಲರೆಯೆಲ್ಲ ಕೊನೆಯ ಕಂತಿನಲ್ಲಿ ತೀರುತ್ತದೆ. ತಿಂಗಳಿಗೆ ಶೇ 1ರಂತೆ, ಪೂರ್ಣ ರೂಪಾಯಿಯಲ್ಲೇ ಲೆಕ್ಕ ಮಾಡಿದರೆ ಹನ್ನೆರಡನೇ ಕಂತು 8,884 ಆಗುತ್ತದೆ. ಅಂದರೆ ರೌಂಡಿಂಗ್‌ನಿಂದ ಬಂದ ವ್ಯತ್ಯಾಸ ಬರೀ ಒಂದು ರೂಪಾಯಿ. ಹತ್ತಾರು ರೂಪಾಯಿ ವ್ಯತ್ಯಾಸ ಕಂಡಾಗ ‘ರೌಂಡಿಂಗ್ ಇರಬೇಕು’ ಎಂದು ಬಿಟ್ಟುಬಿಡುವುದು ಸರಿಯಲ್ಲ. ಅಷ್ಟು ದೊಡ್ಡ ಮೊತ್ತ ಬರುವುದು ದಿನಗಳ ಎಣಿಕೆಯಿಂದ.

`PMT` ಸೂತ್ರಕ್ಕೆ ಎಲ್ಲ ತಿಂಗಳೂ ಒಂದೇ. ವರ್ಷದ ಬಡ್ಡಿಯನ್ನು 12 ಸಮಪಾಲು ಮಾಡುತ್ತದೆ, ಅಷ್ಟೇ. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಬ್ಯಾಂಕ್ ಹಾಗಲ್ಲ. ಬಾಕಿಯ ಮೇಲೆ ಎಷ್ಟು ದಿನ ಕಳೆಯಿತೋ ಅಷ್ಟಕ್ಕೆ ಮಾತ್ರ ಬಡ್ಡಿ:

```
ಬಡ್ಡಿ = ಬಾಕಿ × 12% × ದಿನಗಳು / 365
```

ಜನವರಿ 10ರಿಂದ ಫೆಬ್ರವರಿ 10ಕ್ಕೆ 31 ದಿನ. ನಮ್ಮ ಲೆಕ್ಕದ ಬಡ್ಡಿ 1,000, ಸ್ಟೇಟ್‌ಮೆಂಟಿನದು 1,019. ಇಷ್ಟು ನೋಡಿ ಬ್ಯಾಂಕ್ 19 ರೂಪಾಯಿ ಹೆಚ್ಚು ಹಾಕಿತು ಎನ್ನಿಸುವುದು ಸಹಜ. ಆದರೆ ಮುಂದಿನ ಕಂತಿಗೆ 28 ದಿನ ಮಾತ್ರ. ಬಾಕಿ 92,134ಕ್ಕೆ ಬಡ್ಡಿ 848, ನಮ್ಮ ಹಾಳೆಯಲ್ಲಿ 921. ಎರಡು ಕಂತು ಮುಗಿದಾಗ ಬ್ಯಾಂಕಿನ ಪ್ರಕಾರ ಬಾಕಿ 84,097, ನಮ್ಮ ಪ್ರಕಾರ 84,151. ಈಗ ವ್ಯತ್ಯಾಸ ಸಾಲಗಾರನ ಪರವಾಗಿದೆ! ಹೀಗೇ ಮುಂದುವರಿಸಿದರೆ ಕೊನೆಯ ಕಂತು 8,852ಕ್ಕೆ ನಿಲ್ಲುತ್ತದೆ, ಅಂದರೆ ನಮ್ಮ ಲೆಕ್ಕಕ್ಕಿಂತ 32 ರೂಪಾಯಿ ಕಡಿಮೆ.

ವರ್ಷಕ್ಕೆ ಇದ್ದದ್ದು ಅದೇ 365 ದಿನ, ಹಾಗಿದ್ದೂ ಯಾಕೆ ಕಡಿಮೆಯಾಯಿತು? ಬಾಕಿ ದೊಡ್ಡದಿದ್ದಾಗಲೇ ಚಿಕ್ಕ ತಿಂಗಳು ಬಂತು, ಅದಕ್ಕೆ. ಇದೇ ಸಾಲವನ್ನು ಮಾರ್ಚ್ 10ರಂದು ಪಡೆದಿದ್ದರೆ ಚಿಕ್ಕ ತಿಂಗಳಾದ ಫೆಬ್ರವರಿ ಕೊನೆಯ ಕಂತಿಗೆ, ಬಾಕಿ ಕರಗಿದ ಮೇಲೆ ಬರುತ್ತಿತ್ತು. ಆಗ ಒಟ್ಟು ಬಡ್ಡಿ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಾಗುತ್ತಿತ್ತು. ಈ ವಿಷಯ ನನಗೆ ತುಂಬ ಇಷ್ಟ, ಏಕೆಂದರೆ ವ್ಯತ್ಯಾಸ ಯಾವಾಗಲೂ ಬ್ಯಾಂಕಿನ ಕಡೆಗೇ ವಾಲುತ್ತದೆ ಎಂಬ ಅನುಮಾನವನ್ನು ಇದು ಅಂಕಿಯಲ್ಲೇ ತಿದ್ದುತ್ತದೆ.

ನಿಮ್ಮ ಬ್ಯಾಂಕ್ ಯಾವ ಕ್ರಮ ಅನುಸರಿಸುತ್ತದೆ ಎಂದು ತಿಳಿಯಲು ಸ್ಟೇಟ್‌ಮೆಂಟಿನ ಒಂದೇ ಸಾಲು ಸಾಕು. ಸೂತ್ರವನ್ನು ತಿರುಗಿಸಿ ದಿನಗಳನ್ನು ಕಂಡುಹಿಡಿಯಿರಿ:

```
ದಿನಗಳು = ಬಡ್ಡಿ × 365 / (ಬಾಕಿ × 12%)
```

ಮಾರ್ಚ್ ಕಂತಿಗೆ 848 × 365 / (92,134 × 0.12) ಮಾಡಿದರೆ 28 ಬರುತ್ತದೆ, ಹಾಗಾಗಿ ಇದು ದಿನದ ಲೆಕ್ಕ. ಪ್ರತಿ ತಿಂಗಳೂ 30.4ರ ಆಸುಪಾಸಿನಲ್ಲೇ ಬಂದರೆ ಅದು ತಿಂಗಳ ಲೆಕ್ಕ. ಫೆಬ್ರವರಿಯನ್ನು ದಾಟುವ ಕಂತನ್ನೇ ಆರಿಸಿಕೊಳ್ಳಿ, ಉಳಿದ ತಿಂಗಳುಗಳಲ್ಲಿ 30, 31ರ ನಡುವೆ ಅಂತರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಉತ್ತರ 32 ಬಂತು ಎಂದುಕೊಳ್ಳಿ. ಆಗ ಕ್ಯಾಲೆಂಡರ್ ನೋಡಿ. 2025ರ ಆಗಸ್ಟ್ 10 ಭಾನುವಾರ, ಕಂತು 11ಕ್ಕೆ ಜಮಾ ಆಗಿದ್ದರೆ ಆ ಸಾಲಿನಲ್ಲಿ ಸುಮಾರು 17 ರೂಪಾಯಿ ಹೆಚ್ಚು ಬಡ್ಡಿ ಕಾಣುತ್ತದೆ. ಮುಂದಿನ ತಿಂಗಳಿಗೆ ಒಂದು ದಿನ ಕಡಿಮೆಯಾಗುವುದರಿಂದ ಬಹುಪಾಲು ವಾಪಸ್ ಬರುತ್ತದೆ, ನಿಜವಾದ ಹೊರೆ ಮೂರು ರೂಪಾಯಿಗಿಂತ ಕಡಿಮೆ.

ಗಟ್ಟಿಯಾಗಿ ಪ್ರಶ್ನಿಸಬೇಕಾದದ್ದು ಮೊದಲ ಅವಧಿಯನ್ನು. ಹಣ ಜನವರಿ 22ರಂದು ಬಂದು, ಕಂತಿನ ದಿನ ಫೆಬ್ರವರಿ 5 ಎಂದಿದ್ದರೆ ಆ 14 ದಿನಕ್ಕೆ ಬಡ್ಡಿ 460 ರೂಪಾಯಿ. 493 ಹಾಕಿದ್ದರೆ ಎರಡೂ ತುದಿಯ ದಿನಗಳನ್ನು ಎಣಿಸಿದ್ದಾರೆ ಎಂದರ್ಥ, ಈ ಸಾಲಕ್ಕೆ ದಿನದ ಬಡ್ಡಿ ಸುಮಾರು 33 ರೂಪಾಯಿ. 1,000 ಹಾಕಿದ್ದರೆ ಇಡೀ ತಿಂಗಳ ಬಡ್ಡಿ ವಸೂಲಾಗಿದೆ. ಸಾಲ ಬಾಕಿ ಇದ್ದ ದಿನಗಳಿಗೆ ಮಾತ್ರ ಹಾಕುವ ಬದಲು ಪೂರ್ತಿ ತಿಂಗಳಿಗೆ ಬಡ್ಡಿ ಹಾಕುವುದು, ಹಣ ಕೊಡುವ ಮೊದಲೇ ಮಂಜೂರಾದ ದಿನದಿಂದ ಬಡ್ಡಿ ಶುರುಮಾಡುವುದು, ಇವೆರಡನ್ನೂ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಅನ್ಯಾಯದ ಪದ್ಧತಿ ಎಂದು ಗುರುತಿಸಿ, ಸರಿಪಡಿಸಲು ಹೇಳಿದೆ. ಇಂಥದ್ದು ಕಂಡರೆ ಹಣ ಖಾತೆಗೆ ಬಂದ ದಿನಾಂಕ, ಎಣಿಸಿದ ದಿನಗಳು, ಹಾಕಿದ ಬಡ್ಡಿ ಮೂರನ್ನೂ ಬರೆದು ಬ್ಯಾಂಕಿನಿಂದ ಲಿಖಿತ ಉತ್ತರ ಕೇಳಿ.