ಪೋಸ್ಟರಿಗೆ ನೂರು ಹೆಬ್ಬೆರಳು, ಖಾತೆಗೆ ಹತ್ತು ಜನ: ಯಾಕೆ ಹೀಗೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಚಾರಿಟೇಬಲ್ ಟ್ರಸ್ಟ್. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಏರ್ ಬೆಡ್ ಎರವಲು ಕೊಡುತ್ತೇವೆ. ವಾಟ್ಸಾಪ್ ಗ್ರೂಪುಗಳಿಗೆ ಕ್ಯೂಆರ್ ಇರುವ ಪೋಸ್ಟರ್ ಹಾಕಿದರೆ ಹೆಬ್ಬೆರಳಿನ ಚಿತ್ರ ಬೇಕಾದಷ್ಟು ಬರುತ್ತದೆ. ಹಣ ಬರುವುದಿಲ್ಲ, ಕೆಲಸಕ್ಕೆ ಜನವೂ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲ ತೊಡಕು ಆ ಕ್ಯೂಆರಿನಲ್ಲೇ ಇದೆ. ಪೋಸ್ಟರ್ ನೋಡುವ ಫೋನಿನಿಂದಲೇ ಹಣ ಕಳಿಸಬೇಕು. ಅದೇ ಫೋನಿನ ಕ್ಯಾಮೆರಾದಿಂದ ಅದರ ಪರದೆಯನ್ನು ಸ್ಕ್ಯಾನ್ ಮಾಡಲಾಗುವುದಿಲ್ಲ. ಚಿತ್ರವನ್ನು ಗ್ಯಾಲರಿಯಿಂದ ತೆರೆದು ಸ್ಕ್ಯಾನ್ ಮಾಡುವ ದಾರಿ ಹಲವು ಹಿರಿಯರಿಗೆ ಗೊತ್ತಿಲ್ಲ. "ಮತ್ತೆ ಕಳಿಸಿದರಾಯಿತು" ಎಂದುಕೊಂಡವರು ಮರೆತೇಬಿಡುತ್ತಾರೆ. ಆದ್ದರಿಂದ ಪೋಸ್ಟರಿನ ಕೆಳಗೆ ಇನ್ನೊಂದು ಮೆಸೇಜಿನಲ್ಲಿ ಟ್ರಸ್ಟಿನ ಯುಪಿಐ ಐಡಿಯನ್ನು ಮಾತ್ರ ಹಾಕಿ. ಆ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದರೆ ಕಾಪಿ ಆಗಬೇಕು. ಅದರಲ್ಲಿ ಬೇರೆ ಒಂದಕ್ಷರವೂ ಬೇಡ. ಖಾತೆ ಟ್ರಸ್ಟಿನ ಹೆಸರಿನಲ್ಲೇ ಇರಲಿ. ಹಣ ಕಳಿಸುವಾಗ ಪರದೆಯಲ್ಲಿ ಕಾರ್ಯದರ್ಶಿಯ ಸ್ವಂತ ಹೆಸರು ಕಂಡರೆ ಗುರುತಿಲ್ಲದವರು ಅಲ್ಲೇ ನಿಲ್ಲುತ್ತಾರೆ, ಅದು ಸರಿಯೂ ಹೌದು.

ಎರಡನೆಯದು, "ಕೈಲಾದಷ್ಟು ಕೊಡಿ" ಎಂಬ ಮಾತು. ಎಷ್ಟು ಕೊಟ್ಟರೆ ಚೆಂದ ಎಂದು ಯೋಚಿಸುತ್ತಲೇ ಜನ ಹಿಂದೆ ಸರಿಯುತ್ತಾರೆ. ಒಂದು ಲೆಕ್ಕ ನೋಡಿ. ನಿಮಗೆ 12 ಏರ್ ಬೆಡ್ ಬೇಕು, ಅಂಗಡಿಯವರು ಒಂದಕ್ಕೆ 3,000 ರೂಪಾಯಿ ಹೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಒಟ್ಟು 36,000. ಹತ್ತು ಜನ ಸೇರಿದರೆ ಒಂದು ಬೆಡ್ ಎಂದು ಹೇಳಿ, ತಲಾ 301 ರೂಪಾಯಿ ಕೇಳಿ. 120 ಜನ ಸಾಕು. ಒಂದು ರೂಪಾಯಿ ಸೇರಿಸಿ ಕೊಡುವುದು ನಮ್ಮಲ್ಲಿ ರೂಢಿಯೇ. ಇಲ್ಲಿ ಅದಕ್ಕೆ ಇನ್ನೊಂದು ಉಪಯೋಗವಿದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 301 ಕಂಡಲ್ಲೆಲ್ಲ ಇದು ಬೆಡ್ಡಿನ ಹಣ ಎಂದು ಬೇರೆ ದೇಣಿಗೆಗಳಿಂದ ತಟ್ಟನೆ ಬೇರ್ಪಡಿಸಬಹುದು. ಲೆಕ್ಕ ಬರೆಯುವಾಗ ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ತಿದ್ದುವುದು ಸುಲಭ. ಸ್ಟೇಟ್‌ಮೆಂಟಿನಲ್ಲಿರುವ 12 ಅಂಕಿಯ ಯುಟಿಆರ್ ನಂಬರನ್ನೇ ಬರೆದುಕೊಳ್ಳಿ.

ಕೊನೆಯ ದಿನಾಂಕವನ್ನು ಪೋಸ್ಟರಿನ ಚಿತ್ರದೊಳಗೇ ಬರೆಯಿರಿ. ಫಾರ್ವರ್ಡ್ ಆದ ಪೋಸ್ಟರ್ ತಿಂಗಳುಗಟ್ಟಲೆ ತಿರುಗುತ್ತಿರುತ್ತದೆ. ಬೆಡ್ ಕೊಂಡಾದ ಮೇಲೂ ಹಣ ಬರುತ್ತಲೇ ಇದ್ದರೆ ಅನುಮಾನ ನಿಮ್ಮ ಮೇಲೆ. ಉಳಿದ ಹಣ ಬೆಡ್ಡಿನ ಪಂಪ್ ರಿಪೇರಿಗೆ ಎಂಬ ಸಾಲೂ ಅಲ್ಲೇ ಇರಲಿ. ರೋಗಿಯ ಮುಖ ಮಾತ್ರ ಖಂಡಿತ ಬೇಡ. ಒಮ್ಮೆ ಹರಡಿದ ಚಿತ್ರವನ್ನು ಆ ಮನೆಯವರು ಹಿಂದಕ್ಕೆ ಪಡೆಯಲಾರರು. ಬೆಡ್ಡಿನ ಚಿತ್ರ ಸಾಕು.

ಕಾಸರಗೋಡಿನಲ್ಲಿ ಬಹಳ ಎಚ್ಚರ ಬೇಕಾದದ್ದು ಕೊಲ್ಲಿಯಿಂದ ಬರುವ ಹಣದಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆದರೂ ಪಾಸ್‌ಪೋರ್ಟ್ ವಿವರ ಕೇಳಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆ. ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅಲ್ಲಿ ಕಟ್ಟಿಕೊಂಡ ಸಂಘ ಚಂದಾ ಎತ್ತಿ ಒಟ್ಟಾಗಿ ಕಳಿಸುವ ಹಣವೂ ಅದೇ ಲೆಕ್ಕಕ್ಕೆ ಬರುತ್ತದೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಇಂಥ ಹಣದಲ್ಲಿ 301 ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಕೊಲ್ಲಿಯ ಗ್ರೂಪುಗಳಿಗೆ ಕಳಿಸುವ ಪೋಸ್ಟರಿನಲ್ಲಿ "ಭಾರತೀಯ ಪಾಸ್‌ಪೋರ್ಟ್ ಇರುವವರು ಅವರವರ ಖಾತೆಯಿಂದಲೇ ಕಳಿಸಿ" ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನು ಸ್ವಯಂಸೇವಕರು. ಹಣ ಕೇಳುವ ಮೆಸೇಜಿನಲ್ಲೇ ಜನರನ್ನೂ ಕೇಳಬೇಡಿ. 301 ಕೊಟ್ಟವರು ತಮ್ಮ ಪಾಲು ಮುಗಿಯಿತೆಂದು ತಿಳಿಯುತ್ತಾರೆ. "ಸೇವೆಗೆ ಕೈಜೋಡಿಸಿ" ಎಂದರೆ ಯಾರೂ ಬರುವುದಿಲ್ಲ, ಏನು ಮಾಡಬೇಕೆಂದೇ ಅದರಲ್ಲಿಲ್ಲ. "ಭಾನುವಾರ ಬೆಳಿಗ್ಗೆ 9ರಿಂದ 12, ನೀರ್ಚಾಲು ಕಡೆಯ 4 ಮನೆಗಳಿಗೆ ಬೆಡ್ ಒಯ್ದು ಜೋಡಿಸಲು ಇಬ್ಬರು, ಒಂದು ವಾಹನ" ಎಂದು ಬರೆಯಿರಿ. ಉತ್ತರಕ್ಕೆ ವಾಟ್ಸಾಪಿನ ಪೋಲ್ ಹಾಕಿ, ಒತ್ತಿದವರ ಹೆಸರು ಕಾಣುತ್ತದೆ. ಇಲ್ಲಿನ ಹುಡುಗರಲ್ಲಿ ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಮಲಯಾಳವನ್ನೋ ಇಂಗ್ಲಿಷನ್ನೋ ಓದಿದವರು ಹಲವರು. ಕನ್ನಡ ಪೋಸ್ಟರ್ ಅವರಿಗೆ ಬರೀ ಚಿತ್ರ. ಅದೇ ಸಂಗತಿಯನ್ನು ಮಲಯಾಳದಲ್ಲಿ ಬೇರೆ ಮೆಸೇಜಾಗಿ ಹಾಕಿ, ಅರ್ಧ ನಿಮಿಷದ ತುಳು ವಾಯ್ಸ್ ಕಳಿಸಿ. ಇಬ್ಬರು ಬೇಕಾದಲ್ಲಿ ನಾಲ್ವರ ಹೆಸರು ಬರೆದುಕೊಂಡು ಶನಿವಾರ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಪೋಲಿನಲ್ಲಿ ಹೆಸರು ಒತ್ತಿದವರು ನಿಜವಾಗಿ ಬರುತ್ತಾರೋ ಇಲ್ಲವೋ ಎಂಬುದು ಆ ಫೋನಿನಲ್ಲೇ ಗೊತ್ತಾಗುತ್ತದೆ, ಬದಲಿ ಜನ ಹುಡುಕಲು ಒಂದು ರಾತ್ರಿಯ ಸಮಯವೂ ಸಿಗುತ್ತದೆ.