ಗ್ಯಾಂಟ್ ಚಾರ್ಟ್ ಸ್ಕ್ರೀನ್‌ಶಾಟ್‌ನಿಂದ ಕೆಲಸದ ಪಟ್ಟಿ: ಬಾರ್‌ಗಳ ನಡುವಿನ ಖಾಲಿ ಜಾಗ ಓದುವುದು ಹೇಗೆ

ಮನೆ ಕಟ್ಟಿಸುವಾಗ ಎಂಜಿನಿಯರ್ ವಾಟ್ಸಾಪ್‌ನಲ್ಲಿ ಗ್ಯಾಂಟ್ ಚಾರ್ಟ್‌ನ ಒಂದು ಚಿತ್ರ ಕಳಿಸುತ್ತಾರೆ. ಅದರಲ್ಲಿ ಪ್ರತಿ ಕೆಲಸವೂ ದಿನಾಂಕಗಳ ಕೆಳಗೆ ಒಂದು ಅಡ್ಡ ಬಾರ್, ಕೆಲಸಗಳ ಸಂಬಂಧ ಬಾರ್‌ಗಳ ನಡುವಿನ ಬಾಣ. ಮೂಲ ಫೈಲ್ ಇರುವುದಿಲ್ಲ. ಆ ಚಿತ್ರದಿಂದಲೇ ಪ್ರತಿ ಕೆಲಸ ಯಾವಾಗ ಶುರು, ಎಷ್ಟು ದಿನ, ಯಾವುದು ಮುಗಿದ ಮೇಲೆ ಯಾವುದು ಎಂದು ತೆಗೆಯಬೇಕು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಮಾಡಿದ, ಮೋಲ್ಡ್ ಹಾಕುವ ಭಾಗದ ಐದು ಸಾಲಿನ ಒಂದು ಚಾರ್ಟ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ದಿನಾಂಕ ಓದುವುದು ಬೇಗ ಬಂತು. ಖಾಲಿ ಜಾಗ ಓದುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು, ಹಾಗಾಗಿ ಟಿಪ್ಪಣಿಯ ಬಹುಪಾಲು ಅದೇ ಇದೆ.

ಮೊದಲು ಅಳತೆ

ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಮೌಸ್ ಆಡಿಸಿದರೆ ಕೆಳಗೆ ಪಿಕ್ಸೆಲ್ ಸಂಖ್ಯೆ ಕಾಣುತ್ತದೆ. ಮೇಲಿನ ವಾರದ ಗೆರೆಗಳಲ್ಲಿ ಎರಡನ್ನು ಹಿಡಿಯಿರಿ. ನಮ್ಮ ಚಾರ್ಟ್‌ನಲ್ಲಿ 2026ರ ಜನವರಿ 5ರ ಗೆರೆ 412ರಲ್ಲಿ, ಜನವರಿ 12ರದ್ದು 510ರಲ್ಲಿ ಇದೆ. ವಾರಕ್ಕೆ 98, ಅಂದರೆ ದಿನಕ್ಕೆ 14 ಪಿಕ್ಸೆಲ್. ದೂರದ ಇನ್ನೊಂದು ಗೆರೆಯಲ್ಲೂ ಇದನ್ನು ಪರೀಕ್ಷಿಸಿ. ಫೆಬ್ರವರಿ 2 ಎಂದರೆ 28 ದಿನ ಆಚೆ, ಅದು 804ರಲ್ಲೇ ಇರಬೇಕು. ಇದ್ದರೆ ಅಳತೆ ಸರಿ. ಗೆರೆಯ ದಿನ ಯಾವ ವಾರ ಎಂದೂ ಕ್ಯಾಲೆಂಡರ್‌ನಲ್ಲಿ ನೋಡಿ, ಯಾಕೆಂದರೆ ವಾರ ಭಾನುವಾರ ಶುರುವಾಗಬೇಕೋ ಸೋಮವಾರವೋ ಎನ್ನುವುದು ಸೆಟ್ಟಿಂಗ್ ಮೇಲಿದೆ. ಇಲ್ಲಿ ಜನವರಿ 5 ಸೋಮವಾರ.

ಬಾರ್‌ನ ಎಡ ಅಂಚು ಶುರುವಾಗುವ ದಿನ. ಬಲ ಅಂಚು ಬಿದ್ದಿರುವುದು ಮುಗಿದ ದಿನದ *ಮರುದಿನದ* ಗೆರೆಯ ಮೇಲೆ, ಹಾಗಾಗಿ ಒಂದು ದಿನ ಕಳೆಯಬೇಕು. ಎಡ ಅಂಚು B, ಬಲ ಅಂಚು C ಕಾಲಂನಲ್ಲಿದ್ದರೆ ಎಕ್ಸೆಲ್‌ನಲ್ಲಿ ಹೀಗೆ:

```
D2: =DATE(2026,1,5)+ROUND((B2-412)/14,0)
E2: =DATE(2026,1,5)+ROUND((C2-412)/14,0)-1
F2: =NETWORKDAYS.INTL(D2,E2,11,$J$2:$J$3)
```

ಮೂರನೆಯ ಸೂತ್ರದ 11 ಎಂದರೆ ರಜೆ ಭಾನುವಾರ ಮಾತ್ರ. J ಕಾಲಂನಲ್ಲಿ ಹಬ್ಬದ ರಜೆಗಳು. ಯಾವ ದಿನ ರಜೆ ಎಂದು ಯಾರನ್ನೂ ಕೇಳಬೇಕಿಲ್ಲ, ಚಾರ್ಟ್‌ನ ಹಿಂಬದಿಯ ಬೂದು ಬಣ್ಣದ ಕಂಬಗಳೇ ಹೇಳುತ್ತವೆ. ನಮ್ಮ ಚಿತ್ರದಲ್ಲಿ ಭಾನುವಾರಗಳ ಜೊತೆಗೆ ಜನವರಿ 15ಕ್ಕೆ, ಅಂದರೆ ಸಂಕ್ರಾಂತಿಗೆ, ಒಂದು ಬೂದು ಕಂಬ ಇದೆ. ಜನವರಿ 25ರ ಕಂಬ ಮಾತ್ರ ಎರಡು ದಿನದಷ್ಟು ಅಗಲ, ಯಾಕೆಂದರೆ ಮರುದಿನ ಸೋಮವಾರ ಗಣರಾಜ್ಯೋತ್ಸವ.

ಸೆಂಟ್ರಿಂಗ್ ಬಾರ್ 412ರಿಂದ 552ರವರೆಗೆ ಇದೆ. ನೋಡಲು ಹತ್ತು ದಿನ, ಜನವರಿ 5ರಿಂದ 14. ನಡುವೆ ಭಾನುವಾರ ಇರುವುದರಿಂದ ಅವಧಿ 9 ದಿನ. ಪ್ರಾಜೆಕ್ಟ್‌ನ ಅವಧಿ ಕಾಲಂ ಕೆಲಸದ ದಿನಗಳನ್ನು ಎಣಿಸುತ್ತದೆ, ಬಾರ್‌ನ ಉದ್ದ ಕ್ಯಾಲೆಂಡರ್ ದಿನಗಳನ್ನು ತೋರಿಸುತ್ತದೆ. ಅರ್ಧ ದಿನದ ಕೆಲಸ ಇದ್ದರೆ ಚಿತ್ರದಲ್ಲಿ ಗೊತ್ತಾಗದೆ ಹೋಗಬಹುದು. ಬಾರ್‌ಗಳನ್ನು ಪೂರ್ತಿ ದಿನಕ್ಕೆ ಹಿಗ್ಗಿಸಿ ತೋರಿಸುವ ಸೆಟ್ಟಿಂಗ್ ಒಂದಿದೆ.

ಖಾಲಿ ಜಾಗ: ರಜೆಯೋ, ಕಾಯುವಿಕೆಯೋ?

ಬಾಣ ಯಾವ ಅಂಚಿನಿಂದ ಹೊರಟು ಯಾವ ಅಂಚಿಗೆ ಬಂತು ಎನ್ನುವುದರಿಂದ ಸಂಬಂಧ ಗೊತ್ತಾಗುತ್ತದೆ. ಬಲದಿಂದ ಎಡಕ್ಕೆ ಬಂದರೆ FS, ಒಂದು ಮುಗಿದ ಮೇಲೆ ಇನ್ನೊಂದು. ಎಡದಿಂದ ಎಡಕ್ಕೆ SS, ಒಂದರ ಶುರುವಿಗೆ ಇನ್ನೊಂದರ ಶುರು ಕಟ್ಟಿದ್ದು. ಬಲದಿಂದ ಬಲಕ್ಕೆ FF, ಒಂದು ಮುಗಿಯುವುದಕ್ಕೆ ಇನ್ನೊಂದು ಮುಗಿಯುವುದನ್ನು ಕಟ್ಟಿದ್ದು. ಇಷ್ಟು ಸಲೀಸು. ಆದರೆ ಬಾಣದ ಎರಡು ತುದಿಗಳ ನಡುವೆ ಜಾಗ ಇದ್ದರೆ ಏನು ಬರೆಯಬೇಕು?

ಕಂಬಿ ಕಟ್ಟುವ ಬಾರ್ 594ರಲ್ಲಿ ಮುಗಿಯುತ್ತದೆ, ಅಂದರೆ ಜನವರಿ 17, ಶನಿವಾರ. ಮೋಲ್ಡ್ ಬಾರ್ 608ರಲ್ಲಿ ಶುರು, ಜನವರಿ 19. ನಡುವೆ 14 ಪಿಕ್ಸೆಲ್, ಒಂದು ದಿನ. ಇದನ್ನು `2FS+1d` ಎಂದು, ಅಂದರೆ ಪಟ್ಟಿಯ 2ನೇ ಸಾಲಿನ ಕಂಬಿ ಕೆಲಸ ಮುಗಿದು ಒಂದು ಕೆಲಸದ ದಿನ ಕಾದ ಮೇಲೆ ಎಂದು, ಬರೆಯಬೇಕು ಅನ್ನಿಸುತ್ತದೆ, ಅಲ್ವಾ? ಬೇಡ. ಆ ಒಂದು ದಿನ ಭಾನುವಾರ. ಬರೀ `2` ಸಾಕು, ಭಾನುವಾರವನ್ನು ಪ್ರಾಜೆಕ್ಟ್ ತಾನೇ ದಾಟುತ್ತದೆ. `+1d` ಹಾಕಿದರೆ ಮೋಲ್ಡ್ ಮಂಗಳವಾರಕ್ಕೆ ಹೋಗುತ್ತದೆ. ಖಾಲಿ ಜಾಗ ಕಂಡಾಗ ಮೊದಲು ಅದರೊಳಗಿನ ಬೂದು ಕಂಬಗಳನ್ನು ಕಳೆಯಿರಿ. ಉಳಿದದ್ದು ಸೊನ್ನೆಯಾದರೆ ಅದು ಕಾಯುವಿಕೆ ಅಲ್ಲ.

ಈಗ ಮೋಲ್ಡ್ ಮತ್ತು ಸೆಂಟ್ರಿಂಗ್ ಬಿಚ್ಚುವುದರ ನಡುವಿನ ಜಾಗ ನೋಡಿ. ಮೋಲ್ಡ್ ಜನವರಿ 19ರಂದು ಒಂದೇ ದಿನ, ಬಲ ಅಂಚು 622. ಬಿಚ್ಚುವ ಬಾರ್‌ನ ಎಡ ಅಂಚು 818, ಅಂದರೆ ಫೆಬ್ರವರಿ 3. ನಡುವೆ 196 ಪಿಕ್ಸೆಲ್, ಸರಿಯಾಗಿ 14 ದಿನ. ಅದರಲ್ಲಿ ಎರಡು ಭಾನುವಾರ, ಒಂದು ಗಣರಾಜ್ಯೋತ್ಸವ. ಕಳೆದರೆ 11. ಹಾಗಾದರೆ `4FS+11d` ಬರೆದರೆ ದಿನಾಂಕ ಚಿತ್ರದ ಹಾಗೇ ಬರುತ್ತದೆ. `4FS+14ed` ಬರೆದರೂ ಅದೇ ಬರುತ್ತದೆ. `ed` ಎಂದರೆ ರಜೆಯನ್ನೂ ಸೇರಿಸಿ ಎಣಿಸಿದ ದಿನ. ಚಿತ್ರ ಎರಡಕ್ಕೂ ಒಂದೇ, ಅದನ್ನು ನೋಡಿ ತೀರ್ಮಾನಿಸಲು ಆಗುವುದಿಲ್ಲ.

ತೀರ್ಮಾನ ಮಾಡಬೇಕಾದದ್ದು ಕಾಂಕ್ರೀಟ್ ಕಡೆಯಿಂದ. ಗಟ್ಟಿಯಾಗುವ ಕಾಂಕ್ರೀಟ್‌ಗೆ ಭಾನುವಾರ ರಜೆ ಇಲ್ಲ. ಭಾರತದ ಕಾಂಕ್ರೀಟ್ ಮಾನದಂಡ IS 456:2000 ಸಹ ಸ್ಲ್ಯಾಬ್ 4.5 ಮೀಟರ್‌ಗಿಂತ ಜಾಸ್ತಿ ಚಾಚಿದ್ದರೆ ಕೆಳಗಿನ ಆಸರೆ ಕಂಬಗಳನ್ನು 14 ದಿನ ತೆಗೆಯಬಾರದು ಎನ್ನುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ 7 ದಿನ. ಚಿತ್ರದಲ್ಲಿ ಸರಿಯಾಗಿ 14 ಸಿಕ್ಕಿರುವುದರಿಂದ `14ed` ಎನ್ನುವುದೇ ಹೊಂದುತ್ತದೆ.

ವ್ಯತ್ಯಾಸ ಕಾಣುವುದು ಕೆಲಸ ಮುಂದೆ ಹೋದಾಗ. ಸಿಮೆಂಟ್ ಬರಲಿಲ್ಲ, ಮೋಲ್ಡ್ ಜನವರಿ 28, ಬುಧವಾರಕ್ಕೆ ಹೋಯಿತು ಅನ್ನಿ. ಈಗ ಗಣರಾಜ್ಯೋತ್ಸವ ಹಿಂದೆ ಉಳಿಯಿತು. `11d` ಹಾಕಿದ್ದರೆ ಫೆಬ್ರವರಿ 11ರ ಬೆಳಿಗ್ಗೆ ಬಿಚ್ಚಲು ಬರುತ್ತದೆ. ನಡುವೆ ಸಿಕ್ಕಿದ್ದು 13 ಪೂರ್ತಿ ದಿನ ಮಾತ್ರ. `14ed` ಹಾಕಿದ್ದರೆ ಫೆಬ್ರವರಿ 11ರ ಸಂಜೆಯವರೆಗೆ ಕಾದು 12ಕ್ಕೆ ಬಿಚ್ಚುತ್ತಾರೆ. ತಲೆಯ ಮೇಲಿನ ಸ್ಲ್ಯಾಬ್‌ನ ವಿಷಯದಲ್ಲಿ ಈ ಒಂದು ದಿನ ಸಣ್ಣದಲ್ಲ.

ಕಂಬಿಯ ವಿಷಯ ಇದಕ್ಕೆ ಉಲ್ಟಾ. ಬಾಣ ಸೆಂಟ್ರಿಂಗ್‌ನ ಎಡ ಅಂಚಿನಿಂದ ಹೊರಟು ಕಂಬಿಯ ಎಡ ಅಂಚಿಗೆ, ಜನವರಿ 12ಕ್ಕೆ ಬರುತ್ತದೆ. ಏಳು ದಿನದ ಅಂತರ, ಭಾನುವಾರ ಕಳೆದರೆ ಆರು. ಆರು ದಿನ ಹಲಗೆ ಹೊಡೆದ ಮೇಲೆ ಕಂಬಿಯವರು ಬರಬಹುದು ಎನ್ನುವುದು ಇದರ ಅರ್ಥ. ಅದು ಜನರ ಕೆಲಸ, ಹಾಗಾಗಿ `1SS+6d`.

ಒಂದರ ಮೇಲೊಂದು ಬಿದ್ದ ಬಾಣಗಳು

ಕಂಬಿ ಮತ್ತು ಕರೆಂಟ್ ಪೈಪ್, ಎರಡೂ 594ರಲ್ಲೇ ಮುಗಿಯುತ್ತವೆ. ಕಂಬಿಯ ಬಲದಿಂದ ಇಳಿಯುವ ಗೆರೆ ಪೈಪ್‌ನ ಬಲ ಅಂಚಿಗೆ ಬಾಣ ಬಿಟ್ಟು, ಹಾಗೇ ಮೋಲ್ಡ್‌ಗೂ ಇಳಿದಿದೆ. ಪೈಪ್‌ನಿಂದ ಮೋಲ್ಡ್‌ಗೆ ಬೇರೆ ಬಾಣ ಇದ್ದರೂ ಅದು ಇದೇ ಗೆರೆಯ ಕೆಳಗೆ ಮುಚ್ಚಿಹೋಗುತ್ತದೆ. ಪೈಪ್ ಹಾಕದೆ ಕಾಂಕ್ರೀಟ್ ಸುರಿಯುವಂತಿಲ್ಲ, ಆದ್ದರಿಂದ `3` ಸಹ ಬರೆದೆ. ಆದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಎಂಜಿನಿಯರ್‌ಗೆ ತೋರಿಸುವಾಗ ಗೊತ್ತಿರಬೇಕು.

```
1 ಸೆಂಟ್ರಿಂಗ್           05-01-2026  9d  -
2 ಕಂಬಿ ಕಟ್ಟುವುದು        12-01-2026  5d  1SS+6d
3 ಕರೆಂಟ್ ಪೈಪ್           16-01-2026  2d  2FF
4 ಮೋಲ್ಡ್ ಹಾಕುವುದು       19-01-2026  1d  2, 3(?)
5 ಸೆಂಟ್ರಿಂಗ್ ಬಿಚ್ಚುವುದು   03-02-2026  2d  4FS+14ed
```

ಇದನ್ನು ಪ್ರಾಜೆಕ್ಟ್‌ಗೆ ಹಾಕುವಾಗ ಪ್ರಶ್ನೆ ಚಿಹ್ನೆ ಬಿಟ್ಟು ಬರೀ `3` ಬರೆಯಿರಿ. ಮೊದಲು ಕ್ಯಾಲೆಂಡರ್‌ನಲ್ಲಿ ಶನಿವಾರವನ್ನು ಕೆಲಸದ ದಿನ ಮಾಡಿ, ಎರಡು ರಜೆ ಸೇರಿಸಿ. ಎಲ್ಲ ಸಾಲುಗಳೂ `Auto Scheduled` ಆಗಿರಲಿ. ಶುರುವಿನ ದಿನಾಂಕವನ್ನು ಮೊದಲ ಕೆಲಸಕ್ಕೆ ಮಾತ್ರ ಟೈಪ್ ಮಾಡಿ. ಉಳಿದವಕ್ಕೂ ಟೈಪ್ ಮಾಡಿದರೆ ಪ್ರಾಜೆಕ್ಟ್ ಸುಮ್ನೆ `Start No Earlier Than` ಎಂಬ ಕಟ್ಟು ಹಾಕಿಬಿಡುತ್ತದೆ. ಆಗ ತಪ್ಪು ಬಾಣ ಕೊಟ್ಟಿದ್ದರೂ ದಿನಾಂಕ ಸರಿಯಾಗೇ ಕಾಣಬಹುದು. ಅವಧಿ ಮತ್ತು ಸಂಬಂಧ ಮಾತ್ರ ಕೊಟ್ಟು, ಉಳಿದ ನಾಲ್ಕು ದಿನಾಂಕಗಳು ತಾವಾಗಿಯೇ ಮೇಲಿನ ಹಾಗೆ ಬರುತ್ತವೆಯೇ ನೋಡಿ. ಒಂದು ದಿನ ಹೆಚ್ಚುಕಡಿಮೆ ಬಂದರೆ ಮೊದಲು ಭಾನುವಾರದ ಪಕ್ಕದ ಖಾಲಿ ಜಾಗಗಳನ್ನು ಮತ್ತೆ ಅಳೆಯಿರಿ.